ಲೇಬಲ್‌ ಓದಿ, ಆಮೇಲೆ ಡ್ರೈವ್‌ ಕೊಳ್ಳಿ

ಹಳೆಯ ಕಂಪ್ಯೂಟರಿಗೆ ಹೊಸ ಡ್ರೈವ್‌ ಹಾಕಿಸುವ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಎಲ್ಲರೂ ಡ್ರೈವಿನ ಲೇಬಲ್‌ ಫೋಟೊ ಕಳಿಸಿದ್ದರಿಂದ ಉತ್ತರ ಖಚಿತವಾಗಿ ಕೊಡಲು ಸಾಧ್ಯವಾಯಿತು.

ಪ್ರಶ್ನೆ: ಸರ್‌, ನಮ್ಮ ಮನೆಯ ಲ್ಯಾಪ್‌ಟಾಪ್‌ ಆನ್‌ ಆಗುವುದಕ್ಕೇ ಐದಾರು ನಿಮಿಷ ಹಿಡಿಯುತ್ತದೆ. ಎಸ್‌ಎಸ್‌ಡಿ ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ತಮ್ಮನ ಕೈಲಿ ತಳದ ಮುಚ್ಚಳ ಬಿಚ್ಚಿಸಿ ಹಾರ್ಡ್‌ ಡಿಸ್ಕಿನ ಫೋಟೊ ತೆಗೆಸಿದ್ದೇನೆ. ಅದರ ಮೇಲೆ ಬರೀ ಅಂಕಿ, ಅಕ್ಷರ. ಯಾವ ಎಸ್‌ಎಸ್‌ಡಿ ಕೊಳ್ಳಬೇಕೆಂದು ಇದನ್ನು ನೋಡಿ ಹೇಳಬಹುದೇ?
— ಶಿಕ್ಷಕಿ, ಶಿವಮೊಗ್ಗ

ಹೇಳಬಹುದು ಮೇಡಂ, ಅದೂ ನಿಮ್ಮ ಡಿಸ್ಕಿನ ವಿಷಯದಲ್ಲಿ ಬಹಳ ಸುಲಭವಾಗಿ. ಲೇಬಲ್ಲಿನಲ್ಲಿ ಹತ್ತಾರು ಸಾಲುಗಳಿದ್ದರೂ ನಮಗೆ ಮೊದಲು ಬೇಕಾದದ್ದು ಮಾಡೆಲ್‌ ನಂಬರ್‌ ಒಂದೇ. ಸೀರಿಯಲ್‌ ನಂಬರ್‌ ನಿಮ್ಮ ಡಿಸ್ಕಿಗೆ ಮಾತ್ರ ಸೇರಿದ್ದು, ವಾರಂಟಿಗೆ ಬೇಕಾಗುತ್ತದೆ. ಪಾರ್ಟ್‌ ನಂಬರ್‌ ಕಾರ್ಖಾನೆಯವರ ಲೆಕ್ಕಕ್ಕೆ. ನಿಮ್ಮ ಫೋಟೊದಲ್ಲಿ ಮಾಡೆಲ್‌ ನಂಬರ್‌ `HTS541010A9E680` ಎಂದಿದೆ. ಇದು ಎಚ್‌ಜಿಎಸ್‌ಟಿ, ಅಂದರೆ ಹಿಂದಿನ ಹಿಟಾಚಿ ಡಿಸ್ಕ್‌ ವಿಭಾಗದ ಸರಕು. 2012ರಲ್ಲಿ ಆ ವಿಭಾಗವನ್ನು ವೆಸ್ಟರ್ನ್‌ ಡಿಜಿಟಲ್‌ ಕೊಂಡುಕೊಂಡಿತು. ಇವರ ಮಾಡೆಲ್‌ ನಂಬರಿನ ಒಳ್ಳೆಯ ಗುಣವೆಂದರೆ ಡಿಸ್ಕಿನ ಜಾತಕವೆಲ್ಲ ಅದರಲ್ಲೇ ಇರುತ್ತದೆ.

ಎಡದಿಂದ ಓದಿಕೊಂಡು ಬನ್ನಿ. ಮೊದಲಿನ `HTS` ಎಂಬುದು ಲ್ಯಾಪ್‌ಟಾಪ್‌ ಡಿಸ್ಕುಗಳ ಟ್ರಾವೆಲ್‌ಸ್ಟಾರ್‌ ಸಾಲನ್ನು ಸೂಚಿಸುತ್ತದೆ. `54` ಅಂದರೆ ನಿಮಿಷಕ್ಕೆ 5400 ಸುತ್ತು. ಆಮೇಲೆ `10` ಎರಡು ಸಲ ಬಂದಿದೆ: ಮೊದಲನೆಯದು ಆ ಸಾಲಿನ ಅತಿ ದೊಡ್ಡ ಡಿಸ್ಕಿನ ಸಾಮರ್ಥ್ಯ, ಎರಡನೆಯದು ನಿಮ್ಮ ಕೈಯಲ್ಲಿರುವ ಡಿಸ್ಕಿನದು. ಎರಡೂ 1000 ಜಿಬಿ. `A` ಅದರ ತಲೆಮಾರು. ಮುಂದಿನ `9` ನಿಮಗೆ ಮುಖ್ಯ, ಅದು ಡಿಸ್ಕಿನ ದಪ್ಪ, 9.5 ಮಿಲಿಮೀಟರ್‌. `E6` ಇಂಟರ್‌ಫೇಸ್‌, ಅಂದರೆ ಸಾಟಾ, ಸೆಕೆಂಡಿಗೆ 6 ಗಿಗಾಬಿಟ್‌ ವೇಗದ್ದು. ಅದರ ಮುಂದಿನ `8` ಎಂದರೆ 8 ಎಂಬಿ ಕ್ಯಾಷ್‌.

ಓದಿದ್ದು ಸರಿಯೇ ಎಂದು ಲೇಬಲ್ಲಿನ ಉಳಿದ ಸಾಲುಗಳಿಂದಲೇ ತಾಳೆ ನೋಡಬಹುದು. `LBA` ಎಂದು ಬರೆದು 1,953,525,168 ಎಂಬ ಸಂಖ್ಯೆ ಕೊಟ್ಟಿದ್ದಾರೆ. ಇದು ಡಿಸ್ಕಿನ ಒಟ್ಟು ಸೆಕ್ಟರುಗಳ ಸಂಖ್ಯೆ. ಒಂದಕ್ಕೆ 512 ಬೈಟ್‌ ಹಿಡಿದು ಗುಣಿಸಿದರೆ ಒಂದು ಲಕ್ಷ ಕೋಟಿ ಬೈಟಿಗೆ ತುಸು ಮೇಲೆ ಬರುತ್ತದೆ, ಅಂದರೆ 1 ಟಿಬಿ. ವಿಂಡೋಸ್‌ ಇದನ್ನೇ 931 ಜಿಬಿ ಎಂದು ತೋರಿಸುತ್ತದೆ, ಡಿಸ್ಕಿನಲ್ಲಿ ಕೊರತೆಯೇನಿಲ್ಲ. ಪಕ್ಕದಲ್ಲೇ `16383/16/63` ಎಂಬ ಇನ್ನೊಂದು ಸಾಲಿದ್ದರೆ ಅದನ್ನು ಬಿಟ್ಟುಬಿಡಿ. ಹಳೆಯ ಕಾಲದ ಲೆಕ್ಕ ಅದು, ಗುಣಿಸಿದರೆ 8.4 ಜಿಬಿ ಬರುತ್ತದೆ, ದೊಡ್ಡ ಡಿಸ್ಕುಗಳ ಮೇಲೆಲ್ಲ ಅದೇ ಅಂಕಿ ಅಚ್ಚಾಗಿರುತ್ತದೆ. ಇನ್ನು ವಿದ್ಯುತ್ತಿನ ಸಾಲು. ನಿಮ್ಮ ಡಿಸ್ಕಿನ ಮೇಲೆ 5 ವೋಲ್ಟ್‌ ಮಾತ್ರ ಇದೆ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಾಗಿದ್ದರೆ 5 ವೋಲ್ಟಿನ ಜೊತೆ 12 ವೋಲ್ಟೂ ಇರುತ್ತಿತ್ತು. ಹಾಗಾಗಿ ಇದು 2.5 ಇಂಚಿನ ಸಾಟಾ ಡಿಸ್ಕೇ, ಅನುಮಾನವಿಲ್ಲ.

ಆದ್ದರಿಂದ ನೀವು ಕೇಳಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಅಂಗಡಿಯವರು "ಎನ್‌ವಿಎಂಇ ತೊಗೊಳ್ಳಿ, ಇನ್ನೂ ಫಾಸ್ಟು" ಎಂದರೆ ಒಪ್ಪಬೇಡಿ. ಅದು ಈ ಜಾಗದಲ್ಲಿ ಕೂರುವುದೇ ಇಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇರೆ ಸ್ಲಾಟ್‌ ಖಾಲಿ ಇರಬಹುದು, ಆದರೆ ಈ ಲೇಬಲ್ಲಿನಿಂದ ಅದು ತಿಳಿಯುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪಿನ ಸರ್ವಿಸ್‌ ಮ್ಯಾನ್ಯುಯಲ್‌ ನೋಡಬೇಕು.

ಇನ್ನು ದಪ್ಪದ ಮಾತು. ಮಾರುಕಟ್ಟೆಯ 2.5 ಇಂಚಿನ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿಲಿಮೀಟರ್‌ ದಪ್ಪದವು. ನಿಮ್ಮ ಹಳೆಯ ಡಿಸ್ಕು 9.5. ಡಿಸ್ಕಿನ ಪಕ್ಕಕ್ಕೆ ನಾಲ್ಕು ಸ್ಕ್ರೂ ಬಿಗಿದ ತಗಡಿನ ಟ್ರೇ ಇದ್ದರೆ ಆ ಟ್ರೇಯನ್ನೇ ಬಿಚ್ಚಿ ಹೊಸದಕ್ಕೆ ಹಾಕಿದರೆ ಸಾಕು. ಟ್ರೇ ಇಲ್ಲದೆ ಡಿಸ್ಕು ಸುಮ್ಮನೆ ಒತ್ತಿ ಕೂತಿದ್ದರೆ, ಎಸ್‌ಎಸ್‌ಡಿ ಅಲುಗಾಡದಂತೆ ಎರಡೂವರೆ ಮಿಲಿಮೀಟರಿನ ಪ್ಲಾಸ್ಟಿಕ್‌ ಚೌಕಟ್ಟು ಅಂಟಿಸಬೇಕು. ಕೆಲವು ಎಸ್‌ಎಸ್‌ಡಿ ಡಬ್ಬಿಗಳಲ್ಲೇ ಅದನ್ನು ಕೊಡುತ್ತಾರೆ. ತೊಂದರೆ ಬರುವುದು ಇದಕ್ಕೆ ತಿರುಗುಮುರುಗಾದಾಗ: ಮಾಡೆಲ್‌ ನಂಬರಿನಲ್ಲಿ `A7` ಎಂದಿರುವ ತೆಳು ಡಿಸ್ಕಿನ ಜಾಗಕ್ಕೆ `A9` ಡಿಸ್ಕು ತುರುಕಲು ಹೋದರೆ ಮುಚ್ಚಳ ಕೂರುವುದಿಲ್ಲ.

ಒಂದು ಎಚ್ಚರಿಕೆ ಉಳಿದ ಓದುಗರಿಗೆ. ಎಲ್ಲ ಕಂಪನಿಗಳೂ ಹೀಗೆ ಬಿಡಿಸಿ ಬರೆಯುವುದಿಲ್ಲ. ಸೀಗೇಟಿನ `ST1000LM024` ಮತ್ತು `ST1000LM035` ಎರಡರಲ್ಲೂ 1000 ಜಿಬಿ ಎಂಬುದು, ಲ್ಯಾಪ್‌ಟಾಪಿನದು ಎಂಬುದು ತಿಳಿಯುತ್ತದೆ. ಆದರೆ ಮೊದಲನೆಯದು 9.5 ಮಿಲಿಮೀಟರ್‌, ಎರಡನೆಯದು 7. ಕೊನೆಯ ಮೂರು ಅಂಕಿಯಲ್ಲಿ ದಪ್ಪ ಬರೆದಿಲ್ಲ. ಪೂರ್ತಿ ನಂಬರನ್ನು ಕಂಪನಿಯ ಡೇಟಾ ಶೀಟಿನಲ್ಲಿ ಹುಡುಕಿಯೇ ತಿಳಿಯಬೇಕು.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ 240 ಜಿಬಿಯ ಎಂ.2 ಎಸ್‌ಎಸ್‌ಡಿ ಇತ್ತು. ಜಾಗ ಸಾಲದೆ 500 ಜಿಬಿಯದು ತರಿಸಿದೆ. ಅದೇ ಕಂಪನಿ, ಅದೇ ಉದ್ದ, ಅದೇ ಸ್ಲಾಟಿಗೆ ಸರಿಯಾಗಿ ಕೂತಿತು, ಸ್ಕ್ರೂ ಕೂಡ ಬಿದ್ದಿತು. ಆದರೆ ಬಯಾಸ್‌ನಲ್ಲಿ ಡ್ರೈವ್‌ ಕಾಣಿಸುತ್ತಲೇ ಇಲ್ಲ. ಹಳೆಯದನ್ನು ಮತ್ತೆ ಹಾಕಿದರೆ ಎಲ್ಲ ಸರಿ. ಹೊಸದು ಕೆಟ್ಟಿದೆಯೇ? ಎರಡರ ಲೇಬಲ್‌ ಫೋಟೊ ಕಳಿಸಿದ್ದೇನೆ.
— ಎಂಜಿನಿಯರಿಂಗ್‌ ವಿದ್ಯಾರ್ಥಿ, ಹುಬ್ಬಳ್ಳಿ

ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ನಿಮ್ಮ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾರಣ ಅಲ್ಲೇ ಇದೆ. ಹಳೆಯದು `WDS240G2G0B`. ಹೊಸದು `WDS500G3B0C`. ಕೊನೆಯ ಅಕ್ಷರ ಗಮನಿಸಿ. ವೆಸ್ಟರ್ನ್‌ ಡಿಜಿಟಲ್‌ನ ಈ ಸಾಲುಗಳಲ್ಲಿ `A` ಎಂದರೆ 2.5 ಇಂಚಿನ ಸಾಟಾ, `B` ಎಂದರೆ ಎಂ.2 ಆಕಾರದ ಸಾಟಾ, `C` ಎಂದರೆ ಎಂ.2 ಆಕಾರದ ಎನ್‌ವಿಎಂಇ. ಆ ಒಂದು ಅಕ್ಷರ ಬದಲಾಗಿದೆ, ಡ್ರೈವ್‌ ಮಾತಾಡುವ ಭಾಷೆಯೇ ಬದಲಾಗಿದೆ.

ಎಂ.2 ಎಂಬುದು ಆಕಾರದ ಹೆಸರು, ಇಂಟರ್‌ಫೇಸಿನ ಹೆಸರಲ್ಲ. 2280 ಎಂದರೂ ಅಷ್ಟೇ, 22 ಮಿಲಿಮೀಟರ್‌ ಅಗಲ, 80 ಮಿಲಿಮೀಟರ್‌ ಉದ್ದ. ಆ ಪಟ್ಟಿಯ ಮೇಲೆ ಕೂತಿರುವ ಕಂಟ್ರೋಲರ್‌ ಸಾಟಾದ್ದೂ ಆಗಿರಬಹುದು, ಪಿಸಿಐಇ ಮೂಲಕ ಹೋಗುವ ಎನ್‌ವಿಎಂಇಯದೂ ಆಗಿರಬಹುದು. ಲ್ಯಾಪ್‌ಟಾಪಿನ ಮದರ್‌ಬೋರ್ಡಿನಲ್ಲಿ ಆ ಸ್ಲಾಟಿನ ಕಾಲುಗಳಿಗೆ ಯಾವ ತಂತಿ ಎಳೆದಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಕೆಲವು ಬೋರ್ಡುಗಳಲ್ಲಿ ಸಾಟಾ ತಂತಿ ಮಾತ್ರ, ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಪಿಸಿಐಇ ಮಾತ್ರ, ಕೆಲವದರಲ್ಲಿ ಎರಡೂ. ನಿಮ್ಮದು ಸಾಟಾ ಮಾತ್ರ ಇರುವ ಸ್ಲಾಟ್‌ ಎಂದು ಲಕ್ಷಣಗಳೆಲ್ಲ ಹೇಳುತ್ತಿವೆ. ಎರಡಕ್ಕೂ 3.3 ವೋಲ್ಟೇ ಸಾಕಾಗುವುದರಿಂದ ಡ್ರೈವಿಗೆ ವಿದ್ಯುತ್‌ ಸಿಗುತ್ತದೆ, ಸ್ವಲ್ಪ ಬಿಸಿಯೂ ಆಗಬಹುದು. ಆದರೆ ಮಾತು ಆಚೆ ಹೋಗುವ ದಾರಿಯೇ ಇಲ್ಲ. ಇದರಿಂದ ಏನೂ ಸುಡುವುದಿಲ್ಲ, ಹೆದರಬೇಡಿ.

ಬಯಾಸ್‌ ನೋಡಿದ್ದು ಒಳ್ಳೆಯದಾಯಿತು. ಡ್ರೈವ್‌ ಬಯಾಸ್‌ನಲ್ಲಿ ಕಂಡು ವಿಂಡೋಸ್‌ನಲ್ಲಿ ಕಾಣದಿದ್ದರೆ ಅದು ಬೇರೆ ಕಥೆ. ಹೊಸ ಡ್ರೈವನ್ನು `diskmgmt.msc` ತೆರೆದು ಇನಿಷಿಯಲೈಸ್‌ ಮಾಡಬೇಕಿರುತ್ತದೆ, ಅಥವಾ ವಿಂಡೋಸ್‌ ಹಾಕುವ ಹೊತ್ತಿನಲ್ಲಿ ಇಂಟೆಲ್‌ನ ಸ್ಟೋರೇಜ್‌ ಡ್ರೈವರ್‌ ಕೊಡಬೇಕಿರುತ್ತದೆ. ಬಯಾಸ್‌ನಲ್ಲೇ ಕಾಣದಿದ್ದಾಗ ಉಳಿಯುವ ಕಾರಣಗಳು ಮೂರು: ಸರಿಯಾಗಿ ಕೂರದಿರುವುದು, ಡ್ರೈವ್‌ ಸತ್ತಿರುವುದು, ಇಂಟರ್‌ಫೇಸ್‌ ಹೊಂದದಿರುವುದು. ಹಳೆಯದು ಅದೇ ಸ್ಲಾಟಿನಲ್ಲಿ ಕೆಲಸ ಮಾಡುತ್ತಿರುವುದರಿಂದ ಸ್ಲಾಟ್‌ ಚೆನ್ನಾಗಿದೆ. ಹೊಸದನ್ನು ಓರೆಯಾಗಿ ಹಿಡಿದು ಚಿನ್ನದ ಬಣ್ಣದ ಕಾಲುಗಳು ಪೂರ್ತಿ ಒಳಗೆ ಹೋಗುವಂತೆ ತಳ್ಳಿ, ಆಮೇಲೆ ಬಗ್ಗಿಸಿ ಸ್ಕ್ರೂ ಹಾಕಿ ಇನ್ನೊಮ್ಮೆ ನೋಡಿ. ಆಗಲೂ ಕಾಣದಿದ್ದರೆ ಎನ್‌ವಿಎಂಇ ಸ್ಲಾಟ್‌ ಇರುವ ಗೆಳೆಯರ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಕಂಡರೆ ಡ್ರೈವ್‌ ನಿರ್ದೋಷಿ.

ನಿಮ್ಮ ಎರಡು ಫೋಟೊಗಳಲ್ಲಿ ಇನ್ನೊಂದು ಸುಳಿವೂ ಇದೆ. ಹಳೆಯ ಪಟ್ಟಿಯ ತುದಿಯಲ್ಲಿ ಎರಡು ಕಚ್ಚು, ಹೊಸದರಲ್ಲಿ ಒಂದೇ. ಒಂದು ಬದಿಯ ಕಚ್ಚಿನಾಚೆ ಆರು ಕಾಲು ಉಳಿದರೆ ಅದು ಬಿ ಕೀ, ಇನ್ನೊಂದು ಬದಿಯಲ್ಲಿ ಐದು ಕಾಲು ಉಳಿದರೆ ಎಂ ಕೀ. ಎಂ.2 ಸಾಟಾ ಡ್ರೈವುಗಳಿಗೆ ಸಾಮಾನ್ಯವಾಗಿ ಎರಡೂ ಕಚ್ಚು ಇರುತ್ತವೆ. ನಾಲ್ಕು ಲೇನ್‌ ಬಳಸುವ ಎನ್‌ವಿಎಂಇಗೆ ಎಂ ಕಚ್ಚು ಮಾತ್ರ. ಹಾಗೆಂದು "ಎರಡು ಕಚ್ಚು ಅಂದ್ರೆ ಸಾಟಾ" ಎಂದು ಕೌಂಟರಿನಲ್ಲಿ ಹೇಳುವುದನ್ನು ಕಣ್ಣು ಮುಚ್ಚಿ ನಂಬಬೇಡಿ. ಎರಡೇ ಲೇನ್‌ ಬಳಸುವ ವೆಸ್ಟರ್ನ್‌ ಡಿಜಿಟಲ್‌ `SN520`, ತೋಶಿಬಾ `RC100` ಇವಕ್ಕೂ ಎರಡು ಕಚ್ಚಿವೆ, ಅವು ಎನ್‌ವಿಎಂಇಗಳೇ. ಕಚ್ಚು ಹೇಳುವುದು ಎಲ್ಲಿ ಕೂರುತ್ತದೆ ಎಂಬುದನ್ನು, ಕೂತ ಮೇಲೆ ಕೆಲಸ ಮಾಡುತ್ತದೆಯೇ ಎಂಬುದನ್ನಲ್ಲ. ನಿಮ್ಮ ಸ್ಲಾಟಿನಲ್ಲಿ ಎಂ ಕೀ ಇದ್ದದ್ದರಿಂದ ಎರಡೂ ಕೂತವು, ಅದಕ್ಕೇ ಈ ಗೊಂದಲ. ಬಿ ಕೀ ಸ್ಲಾಟಾಗಿದ್ದರೆ ಹೊಸದು ಒಳಗೇ ಹೋಗುತ್ತಿರಲಿಲ್ಲ. ಹಾಗೆ ಹೋಗದಿದ್ದಾಗ ಯಾರೂ ಒತ್ತಿ ಕೂರಿಸಲು ನೋಡಬಾರದು.

ಆದ್ದರಿಂದ ಮಾಡೆಲ್‌ ನಂಬರೇ ಆಧಾರ, ಅದನ್ನು ಕೊನೆಯ ಅಕ್ಷರದವರೆಗೂ ಓದಬೇಕು. ಕ್ರೂಷಿಯಲ್‌ನವರು ಬಾಲದಲ್ಲಿ ಬರೆಯುತ್ತಾರೆ: `CT500MX500SSD1` ಎಂದರೆ 2.5 ಇಂಚು, `CT500MX500SSD4` ಎಂದರೆ ಎಂ.2 ಸಾಟಾ, `CT500P3SSD8` ಎನ್‌ವಿಎಂಇ. ಕಂಪನಿಯಿಂದಲೇ ಹಾಕಿ ಬರುವ ಸ್ಯಾಮ್‌ಸಂಗ್‌ ಡ್ರೈವುಗಳಲ್ಲಿ ತಲೆಯ ಮೂರು ಅಕ್ಷರ ಸಾಕು: `MZ7` 2.5 ಇಂಚಿನ ಸಾಟಾ, `MZN` ಎಂ.2 ಸಾಟಾ, `MZV` ಎಂ.2 ಎನ್‌ವಿಎಂಇ. ಎಡವುವುದು ಕಿಂಗ್‌ಸ್ಟನ್‌ನಲ್ಲಿ. `SA400M8` ಸಾಟಾ, `SA2000M8` ಎನ್‌ವಿಎಂಇ. ಎರಡರಲ್ಲೂ `M8` ಇದೆ, ಯಾಕೆಂದರೆ ಅಲ್ಲಿ ಆ ಎರಡು ಅಕ್ಷರ ಆಕಾರವನ್ನಷ್ಟೇ ಹೇಳುತ್ತವೆ.

ಈಗ ಮುಂದೇನು? ಲ್ಯಾಪ್‌ಟಾಪಿನ ತಳದಲ್ಲಿರುವ ಪೂರ್ತಿ ಮಾಡೆಲ್‌ ಹೆಸರು ಹಿಡಿದು ಕಂಪನಿಯ ಮೇಂಟೆನೆನ್ಸ್‌ ಮ್ಯಾನ್ಯುಯಲ್‌ ಇಳಿಸಿಕೊಳ್ಳಿ. ಡೆಲ್‌ ಆದರೆ ಸರ್ವಿಸ್‌ ಟ್ಯಾಗ್‌ ಕೊಟ್ಟು ಹುಡುಕಿ, ಲೆನೊವೊ ಆದರೆ ಅವರ ಪಿಎಸ್‌ರೆಫ್‌ ತಾಣದಲ್ಲಿ. ಸ್ಟೋರೇಜ್‌ ಎಂಬ ಭಾಗದಲ್ಲಿ ಆ ಸ್ಲಾಟಿನ ಮುಂದೆ ಸಾಟಾ ಎಂದಷ್ಟೇ ಇದ್ದರೆ ಸಂಶಯ ಮುಗಿಯಿತು. ಹೊಸದನ್ನು ವಾಪಸ್‌ ಕೊಟ್ಟು `WDS500G2B0B` ಅಥವಾ `CT500MX500SSD4` ಥರದ ಎಂ.2 ಸಾಟಾ ಕೇಳಿ. ವಾಪಸ್‌ ತೆಗೆದುಕೊಳ್ಳದಿದ್ದರೆ ಎನ್‌ವಿಎಂಇ ಎಂದು ಸ್ಪಷ್ಟವಾಗಿ ಬರೆದಿರುವ ಯುಎಸ್‌ಬಿ ಕೇಸೊಂದನ್ನು ಕೊಂಡು ಆ ಡ್ರೈವನ್ನು ಹೊರಗಿನ ಡಿಸ್ಕಾಗಿ ಬಳಸಿ. ಅಲ್ಲೂ ಎಚ್ಚರ ಬೇಕು, ಸಾಟಾ ಎಂ.2ಗೆ ಮಾತ್ರ ಆಗುವ ಕೇಸುಗಳೂ ನೋಡಲು ಹಾಗೆಯೇ ಇರುತ್ತವೆ.

ಪ್ರಶ್ನೆ: ನನ್ನ ಬಳಿ 1 ಟಿಬಿಯ ಪೋರ್ಟಬಲ್‌ ಹಾರ್ಡ್‌ ಡಿಸ್ಕ್‌ ಸುಮ್ಮನೆ ಬಿದ್ದಿದೆ. ಅದರ ಪ್ಲಾಸ್ಟಿಕ್‌ ಕವಚ ಬಿಚ್ಚಿದೆ. ಒಳಗೆ ಲ್ಯಾಪ್‌ಟಾಪಿನದೇ ಗಾತ್ರದ ಡಿಸ್ಕ್‌, `WD10JMVW` ಎಂದಿದೆ. ಮಗನ ಲ್ಯಾಪ್‌ಟಾಪಿಗೆ ಹಾಕಬಹುದೇ?
— ನಿವೃತ್ತ ಬ್ಯಾಂಕ್‌ ನೌಕರರು, ಮೈಸೂರು

ಆಗುವುದಿಲ್ಲ. ಗಾತ್ರ ಒಂದೇ ಆದರೂ ಈ ಡಿಸ್ಕಿಗೆ ಸಾಟಾ ಕನೆಕ್ಟರೇ ಇಲ್ಲ. ಮಾಮೂಲಿ ಪೋರ್ಟಬಲ್‌ ಡಿಸ್ಕುಗಳಲ್ಲಿ ಸಾಟಾ ಡಿಸ್ಕಿನ ತುದಿಗೆ ಒಂದು ಚಿಕ್ಕ ಯುಎಸ್‌ಬಿ ಬೋರ್ಡ್‌ ಸಿಕ್ಕಿಸಿರುತ್ತಾರೆ, ಅದನ್ನು ಎಳೆದರೆ ಒಳಗಿನದು ಮಾಮೂಲಿ ಡಿಸ್ಕಾಗುತ್ತದೆ. ನಿಮ್ಮದರಲ್ಲಿ ಯುಎಸ್‌ಬಿ 3.0 ಕಿಂಡಿಯನ್ನು ಡಿಸ್ಕಿನ ಸ್ವಂತ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಆ ಕಂಪನಿಯ ಅದೇ ಕಾಲದ ಲ್ಯಾಪ್‌ಟಾಪ್‌ ಡಿಸ್ಕು `WD10JPVX`. ಕೊನೆಯಲ್ಲಿ `X` ಇದ್ದದ್ದು ಸಾಟಾ, ನಿಮ್ಮದರ `W` ಯುಎಸ್‌ಬಿ.

ಕವಚ ತೆಗೆದ ಡಿಸ್ಕನ್ನು ಹಾಗೇ ಮೇಜಿನ ಮೇಲೆ ಇಟ್ಟು ಬಳಸಬೇಡಿ, ತಳದ ಬೋರ್ಡು ಲೋಹಕ್ಕೆ ತಾಗಿದರೆ ಹಾಳಾಗುತ್ತದೆ. ಮತ್ತೆ ಕವಚಕ್ಕೆ ಸೇರಿಸಿ, ಮಗನ ಕಡತಗಳ ಬ್ಯಾಕಪ್ಪಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಮದುವೆ ವಿಡಿಯೊ ಮಾಡುವ ಸ್ಟುಡಿಯೊ. ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಸರ್ವರ್‌ನಿಂದ ತೆಗೆದ 4 ಟಿಬಿ ಡಿಸ್ಕುಗಳು ಕಡಿಮೆ ಬೆಲೆಗೆ ಇವೆ. ಲೇಬಲ್‌ ಫೋಟೊ ತೆಗೆದುಕೊಂಡು ಬಂದೆ. `ST4000NM0023` ಎಂದಿದೆ. ನಮ್ಮ ಎಡಿಟಿಂಗ್‌ ಡೆಸ್ಕ್‌ಟಾಪಿಗೆ ನಾಲ್ಕು ಕೊಳ್ಳೋಣವೇ?
— ಸ್ಟುಡಿಯೊ ಮಾಲೀಕರು, ಬೆಂಗಳೂರು

ಕೊಳ್ಳುವ ಮೊದಲೇ ಕೇಳಿದಿರಿ, ದುಡ್ಡು ಉಳಿಯಿತು. ಇವು ಸಾಟಾ ಡಿಸ್ಕುಗಳಲ್ಲ, ಸ್ಯಾಸ್‌ ಡಿಸ್ಕುಗಳು. ಸೀಗೇಟ್‌ ಇದೇ ಡಿಸ್ಕನ್ನು ಎರಡು ರೂಪದಲ್ಲಿ ಮಾರಿತು. `ST4000NM0033` ಎಂದಿದ್ದರೆ ಸಾಟಾ, ನಿಮ್ಮ ಡೆಸ್ಕ್‌ಟಾಪಿಗೆ ನೇರ ಹೊಂದುತ್ತದೆ. `ST4000NM0023` ಸ್ಯಾಸ್‌. ಎರಡೂ 3.5 ಇಂಚು, ಎರಡೂ 7200 ಸುತ್ತು, ವ್ಯತ್ಯಾಸ ಒಂದೇ ಅಂಕಿಯಲ್ಲಿ. ಹಿಟಾಚಿ ಬಳಗದ 4 ಟಿಬಿ ಡಿಸ್ಕಿನಲ್ಲೂ ಹೀಗೆಯೇ: `HUS724040ALA640` ಸಾಟಾ, `HUS724040ALS640` ಸ್ಯಾಸ್‌.

ಲೇಬಲ್‌ ಹರಿದಿದ್ದರೂ ಕನೆಕ್ಟರ್‌ ನೋಡಿ ಗುರುತಿಸಬಹುದು. ಸಾಟಾ ಡಿಸ್ಕಿನ ಹಿಂಬದಿಯಲ್ಲಿ ಎರಡು ನಾಲಿಗೆಗಳಿವೆ, ಡೇಟಾದ ಚಿಕ್ಕದು, ವಿದ್ಯುತ್ತಿನ ಉದ್ದದ್ದು, ನಡುವೆ ಖಾಲಿ ಸಂದು. ಸ್ಯಾಸ್‌ ಡಿಸ್ಕಿನಲ್ಲಿ ಆ ಸಂದು ಪ್ಲಾಸ್ಟಿಕ್ಕಿನಿಂದ ತುಂಬಿ ಒಂದೇ ಉದ್ದನೆಯ ಪಟ್ಟಿಯಾಗಿರುತ್ತದೆ, ಹಿಂದುಗಡೆ ಇನ್ನೂ ಏಳು ಕಾಲುಗಳಿರುತ್ತವೆ. ಸಾಟಾ ಕೇಬಲ್‌ ತಪ್ಪಿಯೂ ಅದಕ್ಕೆ ಸೇರಬಾರದು ಎಂದೇ ಆ ಸಂದನ್ನು ಮುಚ್ಚಿದ್ದಾರೆ.

ಆ ಸಂದನ್ನು ದಾಟಿಸುವ ಪುಟ್ಟ ಅಡಾಪ್ಟರುಗಳೂ ಸಿಗುತ್ತವೆ, ಕೊಳ್ಳಬೇಡಿ. ಅವು ಪ್ಲಗ್ಗಿನ ಆಕಾರ ಬದಲಿಸುತ್ತವೆ ಅಷ್ಟೇ, ಮದರ್‌ಬೋರ್ಡಿನ ಸಾಟಾ ಕಂಟ್ರೋಲರಿಗೆ ಸ್ಯಾಸ್‌ ಕಲಿಸುವುದಿಲ್ಲ. ಸ್ಯಾಸ್‌ ಕಂಟ್ರೋಲರಿಗೆ ಸಾಟಾ ಡಿಸ್ಕ್‌ ನಡೆಯುತ್ತದೆ, ಸಾಟಾ ಕಂಟ್ರೋಲರಿಗೆ ಸ್ಯಾಸ್‌ ಡಿಸ್ಕ್‌ ನಡೆಯದು. ಈ ಡಿಸ್ಕೇ ಬೇಕೆಂದರೆ ಪಿಸಿಐಇ ಸ್ಲಾಟಿಗೆ ಹಾಕುವ ಸ್ಯಾಸ್‌ ಕಾರ್ಡು, ಅದರ ಕೇಬಲ್ಲು ಎಲ್ಲ ಕೊಳ್ಳಬೇಕು. ಆ ಖರ್ಚು ಸೇರಿಸಿದ ಮೇಲೂ ಅಗ್ಗವೇ ಎಂದು ಲೆಕ್ಕ ಹಾಕಿ ನೋಡಿ. ಅದಾದ ಮೇಲೂ ಒಂದು ತೊಡಕಿದೆ. ದೊಡ್ಡ ಸ್ಟೋರೇಜ್‌ ಪೆಟ್ಟಿಗೆಗಳಿಂದ ಬಂದ ಕೆಲವು ಡಿಸ್ಕುಗಳ ಸೆಕ್ಟರು 512 ಬೈಟಿನದಲ್ಲ, 520 ಬೈಟಿನದು. ಲಿನಕ್ಸಿನ `sg_format` ಬಳಸಿ ಮತ್ತೆ ಫಾರ್ಮ್ಯಾಟ್‌ ಮಾಡುವವರೆಗೂ ವಿಂಡೋಸ್‌ ಅದನ್ನು ಬಳಸಲಾರದು, 4 ಟಿಬಿಗೆ ಆ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ. ಜನರ ಮದುವೆಯ ವಿಡಿಯೊ ಮತ್ತೆ ತೆಗೆಯಲು ಬರುವಂಥದ್ದಲ್ಲ. ನಿಮ್ಮ ಕೆಲಸಕ್ಕೆ ಹೊಸ ಸಾಟಾ ಡಿಸ್ಕೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನದು ಹಳೆಯ ಥಿಂಕ್‌ಪ್ಯಾಡ್‌ ಎಕ್ಸ್‌230. ಮಾರಿದವರು ಎಂಸಾಟಾ ಎಸ್‌ಎಸ್‌ಡಿ ಹಾಕಿಕೊಟ್ಟಿದ್ದಾರೆ, ಲೇಬಲ್ಲಿನಲ್ಲಿ 6 ಗಿಗಾಬಿಟ್‌ ಎಂದೇ ಇದೆ. ವೇಗ ಮಾತ್ರ ಅದರ ಅರ್ಧ. ಬಿಚ್ಚದೆಯೇ ಯಾವ ಇಂಟರ್‌ಫೇಸಿನಲ್ಲಿ ನಡೆಯುತ್ತಿದೆ ಎಂದು ನೋಡುವುದು ಹೇಗೆ?
— ಡಿಟಿಪಿ ಕೆಲಸಗಾರರು, ಕಲಬುರಗಿ

ಲೇಬಲ್‌ ಹೇಳುವುದು ಡ್ರೈವಿಗೆ ಎಷ್ಟು ಆಗುತ್ತದೆ ಎಂಬುದನ್ನು. ಈಗ ಎಷ್ಟು ಸಿಗುತ್ತಿದೆ ಎಂಬುದನ್ನು ಕಂಪ್ಯೂಟರನ್ನೇ ಕೇಳಬೇಕು. ವಿಂಡೋಸ್‌ನಲ್ಲಿ ಪವರ್‌ಶೆಲ್‌ ತೆರೆದು ಇದನ್ನು ಟೈಪ್‌ ಮಾಡಿ:

```
Get-PhysicalDisk | Select FriendlyName, MediaType, BusType, Size
```

`FriendlyName` ಎಂಬಲ್ಲಿ ಲೇಬಲ್ಲಿನ ಮಾಡೆಲ್‌ ನಂಬರೇ ಸಾಮಾನ್ಯವಾಗಿ ಸಿಗುತ್ತದೆ, `BusType` ಎಂಬಲ್ಲಿ `SATA`, `NVMe` ಅಥವಾ `USB`. ಅಲ್ಲಿ `RAID` ಎಂದು ಬಂದರೆ ಇಂಟೆಲ್‌ನ ಸ್ಟೋರೇಜ್‌ ಡ್ರೈವರ್‌ ನಡುವೆ ನಿಂತಿದೆ ಎಂದರ್ಥ, ಆಗ ಮಾಡೆಲ್‌ ನಂಬರಿನಿಂದಲೇ ತೀರ್ಮಾನಿಸಬೇಕು. ಹಳೆಯ `wmic` ಆಜ್ಞೆ `IDE`, `SCSI` ಎಂದೆಲ್ಲ ತೋರಿಸುತ್ತದೆ. ಅದನ್ನು ನಂಬಿ ಡ್ರೈವ್‌ ಕೊಳ್ಳಬೇಡಿ. ಲಿನಕ್ಸ್‌ ಬಳಸುವವರಿಗೆ:

```
lsblk -d -o NAME,MODEL,TRAN,SIZE
```

ನಿಮಗೆ ಬೇಕಾದ ವೇಗದ ಲೆಕ್ಕ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಸಿಗುತ್ತದೆ. ಅದರಲ್ಲಿ `Transfer Mode` ಎಂಬ ಕಡೆ ಎರಡು ಅಂಕಿ ಇರುತ್ತವೆ. ಎಡಗಡೆಯದು ಈಗ ನಡೆಯುತ್ತಿರುವ ವೇಗ, ಬಲಗಡೆಯದು ಡ್ರೈವಿನ ಗರಿಷ್ಠ. ನೀವು ಕಳಿಸಿದ ಪರದೆಯ ಚಿತ್ರದಲ್ಲಿ `SATA/300 | SATA/600` ಎಂದಿದೆ. ಡ್ರೈವಿನಲ್ಲಿ ದೋಷವಿಲ್ಲ. ಎಕ್ಸ್‌230ರ ಎಂಸಾಟಾ ಸ್ಲಾಟಿಗೆ ಕೊಟ್ಟಿರುವುದೇ 3 ಗಿಗಾಬಿಟ್‌ ದಾರಿ. 6 ಗಿಗಾಬಿಟ್‌ ಇರುವುದು ಅದರ 2.5 ಇಂಚಿನ ಡಿಸ್ಕಿನ ಜಾಗದಲ್ಲಿ, ಅಲ್ಲಿ 7 ಮಿಲಿಮೀಟರ್‌ ದಪ್ಪದ್ದು ಮಾತ್ರ ಹೋಗುತ್ತದೆ. ಇನ್ನೊಂದು ಮಾತು, ಎಂಸಾಟಾ ಮತ್ತು ಎಂ.2 ಬೇರೆ ಬೇರೆ. ಎಂಸಾಟಾ ಸುಮಾರು 30 ಮಿಲಿಮೀಟರ್‌ ಅಗಲ, 51 ಮಿಲಿಮೀಟರ್‌ ಉದ್ದದ ಹಲಗೆ. ಆ ಸ್ಲಾಟಿಗೆ ಎಂ.2 ಡ್ರೈವ್‌ ಕೂರುವುದಿಲ್ಲ.

ಬದಲಿಸಲೇಬೇಕೆ? ದೊಡ್ಡ ಕಡತ ನಕಲು ಮಾಡುವಾಗ ಸೆಕೆಂಡಿಗೆ ಸುಮಾರು 280 ಎಂಬಿ ಇದ್ದದ್ದು 550ರ ಹತ್ತಿರ ಹೋಗುತ್ತದೆ. ವಿಂಡೋಸ್‌ ಏಳುವುದು, ಪುಟ ವಿನ್ಯಾಸದ ತಂತ್ರಾಂಶ ತೆರೆಯುವುದು ಇಂಥವುಗಳಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು. ಜಾಗ ಸಾಲುತ್ತಿದ್ದರೆ ಹಾಗೇ ಇರಲಿ. ಜಾಗ ಸಾಲದಾದಾಗ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೊಂಡು ಮುಖ್ಯ ಜಾಗಕ್ಕೆ ಹಾಕಿ, ವಿಂಡೋಸನ್ನು ಅದಕ್ಕೆ ವರ್ಗಾಯಿಸಿ, ಎಂಸಾಟಾವನ್ನು ಎರಡನೆಯ ಡ್ರೈವಾಗಿ ಉಳಿಸಿಕೊಳ್ಳಿ.

ಇನ್ನು ಮುಂದೆ ಫೋಟೊ ಕಳಿಸುವವರಲ್ಲಿ ಒಂದು ಕೋರಿಕೆ. ಫ್ಲಾಷ್‌ ಹಾಕದೆ, ಕಿಟಕಿಯ ಬೆಳಕಿನಲ್ಲಿ, ತುಸು ಓರೆಯಾಗಿ ಹಿಡಿದು ತೆಗೆಯಿರಿ. ಹೊಳೆಯುವ ಲೇಬಲ್ಲಿನ ಮೇಲೆ ಫ್ಲಾಷ್‌ ಬಿದ್ದರೆ ಮಾಡೆಲ್‌ ನಂಬರೇ ಬೆಳ್ಳಗಾಗಿರುತ್ತದೆ, `B` ಯಾವುದು `8` ಯಾವುದು ತಿಳಿಯುವುದಿಲ್ಲ. ಕನೆಕ್ಟರ್‌ ಇರುವ ತುದಿಯದು ಇನ್ನೊಂದು ಫೋಟೊ ಇರಲಿ. `S/N` ಮತ್ತು `PSID` ಎಂದಿರುವ ಸಾಲುಗಳ ಮೇಲೆ, ಅವುಗಳ ಬಾರ್‌ಕೋಡ್‌ ಸೇರಿಸಿ, ಒಂದು ಚೀಟಿ ಮುಚ್ಚಿ. ಸೀರಿಯಲ್‌ ನಂಬರಿನಿಂದ ಬೇರೆಯವರು ನಿಮ್ಮ ವಾರಂಟಿ ಕೇಳಬಹುದು, ಪಿಎಸ್‌ಐಡಿ ಎಂಬುದು ತಾನೇ ಗೂಢಲಿಪಿ ಮಾಡಿಕೊಳ್ಳುವ ಡ್ರೈವನ್ನು ಪೂರ್ತಿ ಅಳಿಸಿ ಮೊದಲ ಸ್ಥಿತಿಗೆ ತರುವ ಕೀಲಿ. ಡ್ರೈವಿನ ಫೋಟೊದ ಜೊತೆಗೆ ಲ್ಯಾಪ್‌ಟಾಪಿನ ತಳದಲ್ಲಿರುವ ಪೂರ್ತಿ ಮಾಡೆಲ್‌ ಹೆಸರನ್ನೂ ಬರೆದು ಕಳಿಸಿ. ಸ್ಲಾಟಿನ ವಿಷಯ ಹೇಳಲು ನನಗೆ ಅದು ಬೇಕೇ ಬೇಕು.